ಖರ್ಚಿನ ಪುಸ್ತಕವನ್ನು ಬಾಬ್ತುವಾರು ಮಾಡುವುದು ಹೇಗೆ: ಪರ್ಕಳದ ಒಂದು ಮನೆಯ ಜೂನ್ ತಿಂಗಳ ಲೆಕ್ಕ

ನಮ್ಮ ಮನೆಯ ಜೂನ್ ತಿಂಗಳ ಖರ್ಚಿನ ಪುಸ್ತಕದಲ್ಲಿ ಕೊನೆಯ ಮೊತ್ತ 53,300 ರೂಪಾಯಿ. ಆ ತಿಂಗಳು ಮನೆಗೆ ಬಂದದ್ದು 48,000. ನನ್ನ ಸಂಬಳ 42,000, ಹೆಂಡತಿಯ ಹೊಲಿಗೆಯಿಂದ 6,000. ಪುಸ್ತಕ ಹೇಳುವ ಪ್ರಕಾರ ನಾವು 5,300 ಸಾಲ ಮಾಡಿರಬೇಕು. ಆದರೆ ಯಾರ ಹತ್ತಿರವೂ ಒಂದು ರೂಪಾಯಿ ಕೇಳಿರಲಿಲ್ಲ. ಬ್ಯಾಂಕಿನಲ್ಲಿ ಇನ್ನೂ ಹಣ ಇತ್ತು.

ಪುಸ್ತಕದಲ್ಲಿ ಕೂಡುವ ತಪ್ಪು ಇರಲಿಲ್ಲ. ಎರಡು ಸಲ ಕೂಡಿದೆ. ತಪ್ಪು ಇದ್ದದ್ದು ಬರೆಯುವ ಕ್ರಮದಲ್ಲಿ. ದಿನಾಂಕ, ವಿವರ, ಮೊತ್ತ ಅಂತ ಒಂದೇ ಉದ್ದದ ಪಟ್ಟಿ. ಬಂಗುಡೆ 200, ಬಸ್ಸು 36, ಎಟಿಎಂನಿಂದ ತೆಗೆದದ್ದು 6,000, ಚೀಟಿಗೆ ಕಟ್ಟಿದ್ದು 5,000. ಎಲ್ಲವೂ ಒಂದರ ಕೆಳಗೆ ಒಂದು. ಅಮ್ಮನೂ ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಎಟಿಎಂನಿಂದ ತೆಗೆದು ಅಮ್ಮನ ಕೈಗೆ ಕೊಟ್ಟ ಹಣವನ್ನು ನಾನು ಒಮ್ಮೆ ಬರೆದಿದ್ದೆ. ಅದೇ ಹಣದಲ್ಲಿ ತಂದ ಮೀನು, ತರಕಾರಿಯನ್ನು ಅಮ್ಮ ಮತ್ತೊಮ್ಮೆ ಬರೆದಿದ್ದರು. ಕೇಳಿದರೆ, "ಅದೆಂತ ಮಾರಾಯ, ನೀನು ಹೇಳಿದ ಹಾಗೆ ಕೈಯಿಂದ ಹೋದದ್ದೆಲ್ಲ ಬರೆದಿದ್ದೇನೆ ಅಲ್ವಾ" ಅಂದರು. ಸರಿಯೇ.

ಈ ಪಟ್ಟಿಯನ್ನು ಬಾಬ್ತುವಾರು ಕಾಲಂಗಳಾಗಿ ಒಡೆದು, ಈವರೆಗಿನ ಮೊತ್ತ ಮತ್ತು ಉಳಿತಾಯದ ಸಾಲು ಹಾಕಿದ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಮಾಡಿದ್ದು ಗೂಗಲ್ ಶೀಟ್ಸ್‌ನಲ್ಲಿ. ಪುಸ್ತಕದಲ್ಲೇ ಮಾಡುವವರಿಗೆ ನಡುವೆ ಒಂದು ಮಾತು ಇದೆ.

ಮೊದಲು ಪೆನ್ಸಿಲು, ಆಮೇಲೆ ಕಂಪ್ಯೂಟರು

ಕಾಲಂಗಳ ಹೆಸರನ್ನು ಮೊದಲೇ ಯೋಚಿಸಿ ಇಡಬೇಡಿ. ಹಾಗೆ ಇಟ್ಟರೆ "ಮನರಂಜನೆ" ಅಂತ ಒಂದು ಕಾಲಂ ಬರುತ್ತದೆ, ವರ್ಷವಿಡೀ ಅದರಲ್ಲಿ ಎರಡು ಸಾಲು ಇರುತ್ತದೆ. ಒಂದು ಇಡೀ ತಿಂಗಳ ಹಳೆಯ ಪಟ್ಟಿ ತೆಗೆದುಕೊಳ್ಳಿ. ಪ್ರತಿ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಅಕ್ಷರ ಬರೆಯುತ್ತ ಹೋಗಿ. ದಿನಸಿಗೆ ದಿ, ಓಡಾಟಕ್ಕೆ ಓ, ಹೀಗೆ. ಯಾವ ಅಕ್ಷರ ಎಷ್ಟು ಸಲ ಬಂತು ಅಂತ ಆಮೇಲೆ ನೋಡಿದರೆ ಕಾಲಂಗಳು ತಾವಾಗಿಯೇ ಸಿಗುತ್ತವೆ.

ನಮ್ಮಲ್ಲಿ ಎಂಟು ನಿಂತವು: ದಿನಸಿ, ಹಾಲು-ಮೀನು, ಬಿಲ್ಲು, ಓಡಾಟ, ಮಕ್ಕಳು, ಔಷಧಿ, ಕಾರ್ಯಕ್ರಮ, ಇತರೆ.

ದಿನಸಿ ಮತ್ತು ಹಾಲು-ಮೀನು ಎರಡೂ ಊಟವೇ. ಆದರೂ ಬೇರೆ ಮಾಡಿದ್ದಕ್ಕೆ ಕಾರಣ ಇದೆ. ಕುಚ್ಚಲಕ್ಕಿ, ಬೇಳೆ, ಎಣ್ಣೆ, ಸೋಪು ತಿಂಗಳಿಗೆ ಒಂದೋ ಎರಡೋ ಸಲ ತರುವುದು. ಅಲ್ಲಿ ಹೆಚ್ಚು ಕಡಿಮೆ ಮಾಡಲು ಜಾಸ್ತಿ ಜಾಗ ಇಲ್ಲ. ಹಾಲು, ಮೀನು, ತರಕಾರಿ ದಿನಾ ಬಾಗಿಲಲ್ಲಿ ನಿರ್ಧಾರ ಆಗುವ ಖರ್ಚು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಮಲ್ಪೆ ಬಂದರು ಸುಮ್ಮನಿರುತ್ತದೆ, ಮೀನಿನ ರೇಟು ಏರುತ್ತದೆ. ಇದು ದಿನಸಿಯ ಜೊತೆ ಸೇರಿಕೊಂಡರೆ ಅಕ್ಕಿಯ ರೇಟು ಏರಿತೋ ಮೀನಿನದ್ದೋ ಅಂತ ಗೊತ್ತೇ ಆಗುವುದಿಲ್ಲ. ಯಾವ ಅಂಗಡಿ ಅನ್ನುವುದಕ್ಕಿಂತ, ಖರ್ಚಿನ ನಿರ್ಧಾರ ಎಷ್ಟು ಸಲ ಆಗುತ್ತದೆ ಅನ್ನುವುದನ್ನು ನೋಡಿ ಕಾಲಂ ಒಡೆಯುವುದು ನನಗೆ ಸರಿ ಕಂಡಿತು.

"ಕಾರ್ಯಕ್ರಮ" ಅಂದರೆ ಮದುವೆಗೆ ಕೊಡುವ ಕವರು, ಊರಿನ ಕೋಲ, ಬ್ರಹ್ಮಕಲಶದ ದೇಣಿಗೆ ಇಂಥದ್ದು. ಜೂನ್‌ನಲ್ಲಿ ಕಮ್ಮಿ, ಏಪ್ರಿಲ್-ಮೇನಲ್ಲಿ ಜಾಸ್ತಿ. ನಮ್ಮ ಕಡೆಯ ಮನೆಗಳಿಗೆ ಈ ಕಾಲಂ ಇಲ್ಲದಿದ್ದರೆ ಬೇಸಿಗೆಯ ಎರಡು ತಿಂಗಳ ಲೆಕ್ಕ ಪೂರ್ತಿ "ಇತರೆ"ಯಲ್ಲಿ ಮುಳುಗುತ್ತದೆ.

ಒಂದೇ ಬಿಲ್ಲಿನಲ್ಲಿ ಅಕ್ಕಿ, ಸೋಪು, ಮಗನ ನೋಟ್‌ಬುಕ್ಕು ಎಲ್ಲ ಇರುತ್ತದೆ. ಅದನ್ನು ಒಡೆಯಲು ಹೋಗಬೇಡಿ. ಯಾವುದರ ಪಾಲು ಜಾಸ್ತಿಯೋ ಆ ಬಾಬ್ತಿಗೆ ಇಡೀ ಬಿಲ್ಲನ್ನು ಹಾಕಿ. ಬೇರೆ ಬಾಬ್ತಿನ ವಸ್ತು 200 ರೂಪಾಯಿಗಿಂತ ಮೇಲಿದ್ದರೆ ಮಾತ್ರ ನಾನು ಎರಡು ಸಾಲು ಮಾಡುತ್ತೇನೆ. ಸಣ್ಣದ್ದನ್ನೆಲ್ಲ ಒಡೆಯಲು ಕೂತರೆ ಮೂರನೇ ವಾರಕ್ಕೆ ಬರೆಯುವುದೇ ನಿಂತುಹೋಗುತ್ತದೆ.

ಖರ್ಚೇ ಅಲ್ಲದ ಎರಡು ಬಾಬ್ತು

53,300ರ ಗಂಟು ಬಿಚ್ಚುವುದು ಇಲ್ಲಿ. ಪೆನ್ಸಿಲಿನಿಂದ ಗುರುತು ಹಾಕುವಾಗ ಎಂಟು ಬಾಬ್ತಿನ ಜೊತೆಗೆ ಇನ್ನೆರಡು ಗುರುತು ಬೇಕು.

ಒಂದು "ಕೈಬದಲು". ಎಟಿಎಂನಿಂದ ತೆಗೆದದ್ದು, ನನ್ನ ಖಾತೆಯಿಂದ ಹೆಂಡತಿಯ ಖಾತೆಗೆ ಹಾಕಿದ್ದು. ಹಣ ಒಂದು ಕಿಸೆಯಿಂದ ಇನ್ನೊಂದಕ್ಕೆ ಹೋಯಿತು, ಮನೆಯಿಂದ ಹೊರಗೆ ಹೋಗಲಿಲ್ಲ. ಜೂನ್‌ನಲ್ಲಿ ಇಂಥದ್ದು 6,000 ಮತ್ತು 4,000, ಒಟ್ಟು 10,000.

ಇನ್ನೊಂದು "ಎತ್ತಿಟ್ಟದ್ದು". ಅಂಚೆ ಕಚೇರಿಯ ಆರ್‌ಡಿಗೆ 3,000, ಚೀಟಿಗೆ 5,000, ಒಟ್ಟು 8,000. ಇದು ಉಳಿತಾಯ. ಇದನ್ನು ಖರ್ಚಿನಲ್ಲಿ ಕೂಡಿದರೆ ಉಳಿಸಿದಷ್ಟೂ ಜಾಸ್ತಿ ಖರ್ಚು ಮಾಡಿದ ಹಾಗೆ ಕಾಣುತ್ತದೆ.

ಚೀಟಿಯ ವಿಷಯದಲ್ಲಿ ಜಾಗ್ರತೆ. ಚೀಟಿ ಎತ್ತುವವರೆಗೆ ಕಟ್ಟಿದ ಕಂತು ಉಳಿತಾಯ. ಎತ್ತಿ, ಹಣವನ್ನು ಬಳಸಿಯಾದ ಮೇಲೆ ಕಟ್ಟುವ ಕಂತು ಸಾಲ ತೀರಿಸಿದ ಹಾಗೆ. ಅದನ್ನು ಆಮೇಲೂ "ಎತ್ತಿಟ್ಟದ್ದು" ಅಂತಲೇ ಬರೆಯುತ್ತ ಹೋದರೆ ಇಲ್ಲದ ಉಳಿತಾಯ ಪುಸ್ತಕದಲ್ಲಿ ಬೆಳೆಯುತ್ತದೆ. ಚೀಟಿ ಎತ್ತಿದ ತಿಂಗಳಿಂದ ಅದಕ್ಕೆ "ಸಾಲದ ಕಂತು" ಅಂತ ಬೇರೆ ಕಾಲಂ ಮಾಡಿ.

ಈಗ ನೋಡಿ: 53,300ರಿಂದ 10,000 ಮತ್ತು 8,000 ಕಳೆದರೆ 35,300. ಜೂನ್‌ನಲ್ಲಿ ಬರೆದಿಟ್ಟ ನಿಜವಾದ ಖರ್ಚು ಅಷ್ಟೇ.

ಶೀಟಿನ ಜೋಡಣೆ

ಇದನ್ನು ಮೊಬೈಲಿನಲ್ಲಿ ಮಾಡಲು ಹೋಗಬೇಡಿ. ಒಮ್ಮೆ ಕಂಪ್ಯೂಟರಿನಲ್ಲಿ ಜೋಡಿಸಿಕೊಂಡರೆ ಆಮೇಲೆ ದಿನಾ ಬರೆಯಲು ಮೊಬೈಲು ಸಾಕು.

ಹೊಸ ಶೀಟು ತೆರೆದ ಕೂಡಲೇ `File` → `Settings` ಒಳಗೆ `Locale` ಅನ್ನು `India` ಮಾಡಿ. ಇಲ್ಲದಿದ್ದರೆ 5/6 ಅಂತ ಬರೆದದ್ದನ್ನು ಅದು ಜೂನ್ 5ರ ಬದಲು ಮೇ 6 ಅಂತ ಓದಬಹುದು. ಕೆಳಗಿನ ಟ್ಯಾಬಿಗೆ `Jun` ಅಂತ ಹೆಸರಿಡಿ.

ಮೊದಲ ಸಾಲನ್ನು ಮೊತ್ತಕ್ಕೆ ಬಿಡಿ. ಎರಡನೇ ಸಾಲಿನಲ್ಲಿ ತಲೆಬರಹಗಳು. A2ನಲ್ಲಿ ದಿನ, B2ನಲ್ಲಿ ವಿವರ, C2ನಲ್ಲಿ ಮೊತ್ತ, D2ನಲ್ಲಿ ಬಾಬ್ತು. E2ರಿಂದ L2ವರೆಗೆ ನಿಮ್ಮ ಎಂಟು ಬಾಬ್ತಿನ ಹೆಸರು. M2ನಲ್ಲಿ "ಈವರೆಗೆ". ಖರ್ಚುಗಳು ಮೂರನೇ ಸಾಲಿನಿಂದ ಶುರು. `View` → `Freeze` → `2 rows` ಕೊಟ್ಟರೆ ಕೆಳಗೆ ಎಷ್ಟು ಇಳಿದರೂ ಮೊತ್ತ ಮತ್ತು ತಲೆಬರಹ ಕಣ್ಣ ಮುಂದೆ ಇರುತ್ತದೆ. ಮೊತ್ತವನ್ನು ಕೆಳಗೆ ಹಾಕಿದರೆ ಹೊಸ ಸಾಲು ಬರೆದಾಗಲೆಲ್ಲ ಅದನ್ನು ದೂಡುತ್ತ ಇರಬೇಕು. ಅದಕ್ಕೇ ಮೇಲೆ ಇಟ್ಟದ್ದು.

ಈಗ ಹಳೆಯ ಪುಸ್ತಕದಲ್ಲಿರುವ ದಿನಾಂಕ, ವಿವರ, ಮೊತ್ತವನ್ನು ಇದ್ದ ಕ್ರಮದಲ್ಲೇ A, B, C ಕಾಲಂಗಳಿಗೆ ಇಳಿಸಿ. ಪೆನ್ಸಿಲಿನ ಗುರುತು ನೋಡಿ D ಕಾಲಂ ತುಂಬಿಸಿ. ಆದರೆ Dಯಲ್ಲಿ ಹೆಸರನ್ನು ಕೈಯಿಂದ ಬರೆಯಬೇಡಿ. D3ರಿಂದ D300ರವರೆಗೆ ಆರಿಸಿ, `Data` → `Data validation` ಒಳಗೆ `Dropdown` ಮಾಡಿ, ಎಂಟು ಬಾಬ್ತು ಮತ್ತು "ಕೈಬದಲು", "ಎತ್ತಿಟ್ಟದ್ದು" ಸೇರಿ ಹತ್ತು ಹೆಸರು ಹಾಕಿ. ಒಂದು ಹೆಸರಿನ ಕೊನೆಯಲ್ಲಿ ಕಾಣದ ಒಂದು ಸ್ಪೇಸ್ ಬಿದ್ದರೂ ಶೀಟಿಗೆ ಅದು ಬೇರೆಯೇ ಹೆಸರು. E2ರಿಂದ L2ವರೆಗಿನ ತಲೆಬರಹಗಳನ್ನೂ ಈ ಪಟ್ಟಿಯಿಂದಲೇ ಕಾಪಿ ಮಾಡಿ ಅಂಟಿಸಿ.

E3ನಲ್ಲಿ ಈ ಸೂತ್ರ ಬರೆಯಿರಿ:

```
=IF($D3=E$2,$C3,"")
```

ಅರ್ಥ ಸರಳ. ಈ ಸಾಲಿನ ಬಾಬ್ತು ಈ ಕಾಲಂನ ತಲೆಬರಹಕ್ಕೆ ಸರಿಹೊಂದಿದರೆ ಮೊತ್ತವನ್ನು ಇಲ್ಲಿ ತೋರಿಸು, ಇಲ್ಲದಿದ್ದರೆ ಖಾಲಿ ಬಿಡು. ಡಾಲರ್ ಚಿಹ್ನೆ ಇರುವ ಜಾಗ ತಪ್ಪಬಾರದು. `$D` ಮತ್ತು `$C` ಅಂದರೆ ಬಲಕ್ಕೆ ಎಳೆದರೂ ಆ ಕಾಲಂ ಬದಲಾಗುವುದಿಲ್ಲ, `E$2` ಅಂದರೆ ಕೆಳಗೆ ಎಳೆದರೂ ಎರಡನೇ ಸಾಲು ಬದಲಾಗುವುದಿಲ್ಲ. ಈ ಸೂತ್ರವನ್ನು L3ವರೆಗೆ ಬಲಕ್ಕೂ, ಅಲ್ಲಿಂದ 300ನೇ ಸಾಲಿನವರೆಗೆ ಕೆಳಕ್ಕೂ ಎಳೆಯಿರಿ. ಇಡೀ ತಿಂಗಳ ಪಟ್ಟಿ ಒಂದೇ ಸಲ ಎಂಟು ಕಾಲಂಗಳಿಗೆ ಹರಡಿಕೊಳ್ಳುತ್ತದೆ. "ಕೈಬದಲು" ಮತ್ತು "ಎತ್ತಿಟ್ಟದ್ದು" ಸಾಲುಗಳಿಗೆ ಕಾಲಂ ಇಲ್ಲದ ಕಾರಣ ಅವು ಎಲ್ಲೂ ಬೀಳುವುದಿಲ್ಲ. ನಮಗೆ ಬೇಕಾದ್ದು ಅದೇ.

E1ನಲ್ಲಿ `=SUM(E3:E300)` ಬರೆದು L1ವರೆಗೆ ಎಳೆಯಿರಿ. C1ನಲ್ಲಿ `=SUM(C3:C300)`. ಮೊದಲ ಸಾಲಿನ ಈ ಮೊತ್ತವೇ ಆಯಾ ಬಾಬ್ತಿನ ಈವರೆಗಿನ ಮೊತ್ತ. ಒಂದು ಮೀನಿನ ಸಾಲು ಬರೆದ ಕೂಡಲೇ F1 ಏರುವುದು ಕಾಣುತ್ತದೆ. ಇಡೀ ಮನೆಯ ಈವರೆಗಿನ ಮೊತ್ತಕ್ಕೆ M3ನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=IF($C3="","",SUM($E$3:$L3))
```

ಶುರು `$E$3`ಗೆ ಕಟ್ಟಿದೆ, ಕೊನೆ ಮಾತ್ರ ಸಾಲಿನ ಜೊತೆ ಇಳಿಯುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲೂ ಅಲ್ಲಿಯವರೆಗಿನ ಖರ್ಚು ಬರುತ್ತದೆ. ನಮ್ಮ ಜೂನ್‌ನಲ್ಲಿ 10ನೇ ತಾರೀಕಿಗೆ ಇದು 17,260 ಆಗಿತ್ತು. ಶಾಲೆ ಶುರುವಾದದ್ದು, ಒಂದು ಮೂಟೆ ಅಕ್ಕಿ, ಎರಡು ರೈನ್‌ಕೋಟು ಎಲ್ಲ ಒಟ್ಟಿಗೆ ಬಂದ ಕಾರಣ ಅರ್ಧದಷ್ಟು ಖರ್ಚು ಮೊದಲ ಹತ್ತು ದಿನದಲ್ಲೇ ಮುಗಿದಿತ್ತು.

ಮೂರು ದಿನದ ಹಿಂದಿನ ಖರ್ಚು ನೆನಪಾದರೆ ಮಧ್ಯೆ ಸಾಲು ಸೇರಿಸಲು ಹೋಗಬೇಡಿ. ಸೇರಿಸಿದ ಸಾಲಿನಲ್ಲಿ ಸೂತ್ರಗಳು ಇರದೆ ಆ ಮೊತ್ತ ಕಾಲಂಗೆ ಬೀಳದೇ ಹೋಗಬಹುದು. ಎಲ್ಲಕ್ಕಿಂತ ಕೆಳಗೆ ಬರೆದು, ದಿನಾಂಕ ಮಾತ್ರ ಹಳೆಯದು ಹಾಕಿ.

ಪುಸ್ತಕದಲ್ಲೇ ಮಾಡುವವರು ಉದ್ದನೆಯ ಲೆಡ್ಜರ್ ಪುಸ್ತಕವನ್ನು ಅಡ್ಡ ಹಿಡಿದು ಇದೇ ಕಾಲಂಗಳನ್ನು ಗೀರಿ. ಪ್ರತಿ ಪುಟದ ಕೊನೆಯಲ್ಲಿ ಎಂಟೂ ಕಾಲಂ ಕೂಡಿ, ಮುಂದಿನ ಪುಟದ ಮೊದಲ ಸಾಲಿನಲ್ಲಿ "ಹಿಂದಿನ ಪುಟದಿಂದ" ಅಂತ ಆ ಮೊತ್ತಗಳನ್ನು ಬರೆಯಿರಿ. ಎಂಟು ಮೊತ್ತಗಳನ್ನು ಅಡ್ಡಕ್ಕೆ ಕೂಡಿದ್ದೂ "ಈವರೆಗೆ" ಕಾಲಂನ ಕೊನೆಯ ಅಂಕೆಯೂ ಒಂದೇ ಆಗಬೇಕು. ಆಗದಿದ್ದರೆ ಆ ಪುಟದಲ್ಲೇ ತಪ್ಪು ಇದೆ, ಹಿಂದೆ ಹುಡುಕುವುದು ಬೇಡ.

ಸದ್ದಿಲ್ಲದೆ ಬಿಟ್ಟುಹೋಗುವ ಮೊತ್ತ

ಅಮ್ಮನಿಗೆ ಮೊತ್ತದ ಮುಂದೆ /- ಹಾಕುವ ಅಭ್ಯಾಸ. ಹಾಲಿನ ತಿಂಗಳ ಲೆಕ್ಕವನ್ನು 1,560/- ಅಂತ ಬರೆದರು. ಶೀಟಿಗೆ ಅದು ಅಂಕೆ ಅಲ್ಲ, ಅಕ್ಷರ. `SUM` ಅಕ್ಷರಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ, ತಪ್ಪು ಅಂತ ಹೇಳುವುದೂ ಇಲ್ಲ. 120 ರೂ, 60+40 ಅಂತ ಬರೆದರೂ ಹೀಗೇ ಆಗುತ್ತದೆ. ಕೂಡಿಸಿ ಬರೆಯಬೇಕಿದ್ದರೆ ಮೊದಲು ಸಮ ಚಿಹ್ನೆ ಬೇಕು, `=60+40`.

ಕಣ್ಣಿನಿಂದ ಹಿಡಿಯುವ ದಾರಿ ಇದೆ. ಅಂಕೆ ಚೌಕದ ಬಲಕ್ಕೆ ಅಂಟಿಕೊಳ್ಳುತ್ತದೆ, ಅಕ್ಷರ ಎಡಕ್ಕೆ. C ಕಾಲಂನಲ್ಲಿ ಎಡಕ್ಕೆ ವಾಲಿದ್ದು ಕಂಡರೆ ಅದು ಕೂಡಿಲ್ಲ ಅಂತ ಅರ್ಥ. ಹಾಗಾಗಿ C ಕಾಲಂಗೆ ನೀವಾಗಿ ಮಧ್ಯಕ್ಕೆ ತರುವ ಅಲಂಕಾರ ಮಾಡಬೇಡಿ. ಇನ್ನೊಂದು ಗುರುತು M ಕಾಲಂನಲ್ಲಿ: ಖರ್ಚು ಬರೆದರೂ "ಈವರೆಗೆ" ಮೊತ್ತ ಏರದೆ ಹಾಗೇ ನಿಂತಿರುತ್ತದೆ.

ಉಳಿತಾಯದ ಸಾಲು

ಇದಕ್ಕೆ ಬೇರೆ ಟ್ಯಾಬು ಮಾಡಿ. A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ಲೆಕ್ಕ. B1ನಲ್ಲಿ ತಿಂಗಳ ಆದಾಯ. B2 ಖರ್ಚು, B3 ಉಳಿತಾಯ, B4 ಎತ್ತಿಟ್ಟದ್ದು, B5 ಕೈಯಲ್ಲಿ ಉಳಿಯಬೇಕಾದ್ದು.

```
B2  =SUM(Jun!E1:L1)
B3  =B1-B2
B4  =SUMIF(Jun!D3:D300,"ಎತ್ತಿಟ್ಟದ್ದು",Jun!C3:C300)
B5  =B3-B4
```

ನಮ್ಮ ಜೂನ್ ಹೀಗೆ ಬಂತು. ದಿನಸಿ 7,850, ಹಾಲು-ಮೀನು 8,640, ಬಿಲ್ಲು 3,215, ಓಡಾಟ 3,480, ಮಕ್ಕಳು 6,900, ಔಷಧಿ 1,730, ಕಾರ್ಯಕ್ರಮ 1,500, ಇತರೆ 1,985. ಒಟ್ಟು 35,300. ಉಳಿತಾಯ 12,700. ಅದರಲ್ಲಿ 8,000 ಎತ್ತಿಟ್ಟಾಗಿದೆ. ಕೈಯಲ್ಲಿ 4,700 ಇರಬೇಕು.

ತುಂಬಾ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ 12,700 ಅನ್ನುವುದು ಬರೆದಿಟ್ಟ ಖರ್ಚಿನಿಂದ ಬಂದ ಅಂಕೆ. ಬರೆಯದೆ ಬಿಟ್ಟ ಖರ್ಚೆಲ್ಲ ಉಳಿತಾಯದ ಹಾಗೆ ವೇಷ ಹಾಕಿಕೊಂಡು ಅದರೊಳಗೆ ಕೂತಿರುತ್ತದೆ. ಅದನ್ನು ಹೊರಗೆ ತರಲು ಇನ್ನು ಮೂರು ಸಾಲು ಬೇಕು. B6ನಲ್ಲಿ ತಿಂಗಳ ಮೊದಲ ದಿನ ಬ್ಯಾಂಕಿನಲ್ಲೂ ಪರ್ಸಿನಲ್ಲೂ ಇದ್ದ ಹಣ. B7ನಲ್ಲಿ ಕೊನೆಯ ದಿನ ರಾತ್ರಿ ಎಣಿಸಿದ ಹಣ. B8ನಲ್ಲಿ ವ್ಯತ್ಯಾಸ:

```
B8  =B6+B5-B7
```

ಜೂನ್ 1ಕ್ಕೆ ಬ್ಯಾಂಕಿನಲ್ಲಿ 14,200, ಪರ್ಸುಗಳಲ್ಲಿ 1,300. ಒಟ್ಟು 15,500. ಅದಕ್ಕೆ 4,700 ಸೇರಿದರೆ ಕೊನೆಗೆ 20,200 ಇರಬೇಕಿತ್ತು. ಜೂನ್ 30ರ ರಾತ್ರಿ ನೋಡಿದರೆ ಬ್ಯಾಂಕಿನಲ್ಲಿ 17,450, ಪರ್ಸುಗಳಲ್ಲಿ 650. ಒಟ್ಟು 18,100. ಅಂದರೆ 2,100 ರೂಪಾಯಿ ಎಲ್ಲೋ ಹೋಗಿದೆ, ಯಾರೂ ಬರೆದಿಲ್ಲ.

ಮೊಬೈಲಿನಲ್ಲಿ ಯುಪಿಐ ಪಟ್ಟಿ ತೆರೆದು ಶೀಟಿನ ಜೊತೆ ಹೋಲಿಸಿದೆ. ಚಾ 15, ಬನ್ಸ್ 40, ಗೋಳಿಬಜೆ 50, ಮಗಳನ್ನು ಟ್ಯೂಷನ್‌ನಿಂದ ಕರಕೊಂಡು ಬರುವಾಗ ಐಸ್‌ಕ್ರೀಮು. ಸ್ಕ್ಯಾನ್ ಮಾಡಿ ಮರೆತ ಇಂಥದ್ದೇ 1,340 ರೂಪಾಯಿ. ಹೆಚ್ಚಿನದ್ದು ನನ್ನದೇ. ಅಮ್ಮನ ಪುಸ್ತಕದಲ್ಲಿ ಎಂಟು ರೂಪಾಯಿಯ ಕೊತ್ತಂಬರಿ ಸೊಪ್ಪೂ ಇತ್ತು. ಉಳಿದ 760 ನಗದು, ಎಷ್ಟು ಹುಡುಕಿದರೂ ಸಿಗಲಿಲ್ಲ. ಅದನ್ನು ಬಿಡಬಾರದು. ಯುಪಿಐಯ 1,340ನ್ನು ಇತರೆಗೆ ಬರೆದೆ, "ಲೆಕ್ಕ ಸಿಗದ್ದು" ಅಂತ ವಿವರ ಬರೆದು 760ನ್ನೂ ಅಲ್ಲಿಗೇ ಹಾಕಿದೆ. ಆಗ ಖರ್ಚು 37,400, ಉಳಿತಾಯ 10,600, ವ್ಯತ್ಯಾಸ ಸೊನ್ನೆ.

ಈ ತಾಳೆ ಸರಿ ಬರಬೇಕಿದ್ದರೆ ಒಂದು ನಿಯಮ ಪಾಲಿಸಬೇಕು. ಅಂಗಡಿಯಲ್ಲಿ ಕಡ ಹೇಳಿ ತಂದದ್ದನ್ನು ತಂದ ದಿನ ಬರೆಯಬೇಡಿ, ಹಣ ಕೊಟ್ಟ ದಿನ ಬರೆಯಿರಿ. ಕ್ರೆಡಿಟ್ ಕಾರ್ಡಿನದ್ದೂ ಹಾಗೇ. ಕಾರ್ಡು ಉಜ್ಜಿದಾಗ ಒಮ್ಮೆ, ಬಿಲ್ಲು ಕಟ್ಟುವಾಗ ಇನ್ನೊಮ್ಮೆ ಬರೆದರೆ ಎಟಿಎಂನ ಕಥೆಯೇ ಮತ್ತೆ.

ಟ್ಯಾಬಿನ ಕೊನೆಗೆ ಎರಡು ಕಾವಲು ಸಾಲು ಹಾಕಿಡಿ. ಎರಡೂ ಯಾವಾಗಲೂ ಸೊನ್ನೆ ತೋರಿಸಬೇಕು.

```
B9   =Jun!C1-B2-B4-SUMIF(Jun!D3:D300,"ಕೈಬದಲು",Jun!C3:C300)
B10  =COUNTA(Jun!C3:C300)-COUNT(Jun!C3:C300)
```

B9ನಲ್ಲಿ ಸೊನ್ನೆ ಬಾರದಿದ್ದರೆ ಯಾವುದೋ ಸಾಲಿಗೆ ಬಾಬ್ತು ಹಾಕಿಲ್ಲ, ಅಥವಾ ಹೆಸರು ತಲೆಬರಹಕ್ಕೆ ಸರಿಹೊಂದಿಲ್ಲ. B10ನಲ್ಲಿ 1 ಬಂದರೆ ಒಂದು ಮೊತ್ತ ಅಕ್ಷರವಾಗಿ ಕೂತಿದೆ. ಅಮ್ಮನ /- ಸಿಕ್ಕಿಬಿದ್ದದ್ದು ಇದರಲ್ಲೇ.

ಇನ್ನೊಂದು ಕಹಿ ಸಾಲು ನಾನು ಆಮೇಲೆ ಸೇರಿಸಿದೆ. ಸ್ಕೂಟರಿನ ವಿಮೆ, ಮನೆ ತೆರಿಗೆ, ಮಳೆಗಾಲದ ಮೊದಲು ಹಂಚು ಸರಿ ಮಾಡಿಸುವುದು, ಇವೆಲ್ಲ ವರ್ಷಕ್ಕೊಮ್ಮೆ ಬರುವಂಥದ್ದು. ನಮ್ಮಲ್ಲಿ ಒಟ್ಟು ಸುಮಾರು 18,000. ತಿಂಗಳಿಗೆ 1,500. ಜೂನ್‌ನ 10,600ರಲ್ಲಿ ಈ 1,500 ನಮ್ಮದಲ್ಲ. ನಿಜವಾಗಿ ಉಳಿದದ್ದು 9,100.

ಜುಲೈಗೆ ಹೋಗುವಾಗ

ತಿದ್ದಿದ ಮೇಲೆ ಇತರೆ ಕಾಲಂ 4,085 ಆಯಿತು, ಇಡೀ ಖರ್ಚಿನ ಹತ್ತನೇ ಒಂದು ಪಾಲಿಗಿಂತ ಜಾಸ್ತಿ. ಅಷ್ಟು ಬಂದರೆ ಇತರೆಯ ಹೊಟ್ಟೆ ಬಗೆದು ನೋಡಬೇಕು ಅನ್ನುವುದು ನನ್ನ ಲೆಕ್ಕ. ನೋಡಿದರೆ 2,190 ಹೋಟೆಲು-ತಿಂಡಿಯೇ ಇತ್ತು. ಅದಕ್ಕೆ ಜುಲೈಯಿಂದ ಬೇರೆ ಕಾಲಂ. ಹೊಸ ಕಾಲಂ ಸೇರಿಸುವಾಗ ಇತರೆಯ ಎಡಕ್ಕೆ ಸೇರಿಸಿ, ಬಲಕ್ಕಲ್ಲ. ಒಳಗೆ ಸೇರಿಸಿದರೆ `E1:L1` ತಾನಾಗಿ `E1:M1` ಆಗುತ್ತದೆ. ಹೊರಗೆ ಸೇರಿಸಿದರೆ ಹೊಸ ಕಾಲಂ ಮೊತ್ತಕ್ಕೆ ಸೇರುವುದೇ ಇಲ್ಲ. ಪಕ್ಕದ ಕಾಲಂನ ಸೂತ್ರಗಳನ್ನು ಅದಕ್ಕೆ ಕಾಪಿ ಮಾಡಿ, `Dropdown` ಪಟ್ಟಿಗೆ ಹೊಸ ಹೆಸರು ಸೇರಿಸಿ, ಅದೇ ಹೆಸರನ್ನು ಎರಡನೇ ಸಾಲಿನಲ್ಲಿ ತಲೆಬರಹವಾಗಿ ಅಂಟಿಸಿ.

ಆಮೇಲೆ `Jun` ಟ್ಯಾಬಿನ ಮೇಲೆ ರೈಟ್ ಕ್ಲಿಕ್ ಮಾಡಿ `Duplicate` ಕೊಟ್ಟು, ಹೆಸರನ್ನು `Jul` ಮಾಡಿ. ಮೂರನೇ ಸಾಲಿನಿಂದ ಕೆಳಗೆ A, B, C, D ಕಾಲಂಗಳಲ್ಲಿ ಇರುವುದನ್ನು ಮಾತ್ರ ಅಳಿಸಿ. ಉಳಿತಾಯದ ಟ್ಯಾಬಿನಲ್ಲಿ ಪಕ್ಕದ C ಕಾಲಂ ಜುಲೈಗೆ. ಸೂತ್ರಗಳನ್ನು ಹೊಸದಾಗಿ ಬರೆಯಿರಿ, `Jun` ಇದ್ದಲ್ಲಿ `Jul`, B1, B2 ಇದ್ದಲ್ಲಿ C1, C2. ಖರ್ಚಿನ ಸಾಲಿನಲ್ಲಿ ಈಗ `E1:M1` ಬೇಕು ಅನ್ನುವುದು ನೆನಪಿರಲಿ. C6ನಲ್ಲಿ ಮಾತ್ರ ಅಂಕೆ ಬರೆಯದೆ `=B7` ಅಂತ ಹಾಕಿ. ಜೂನ್ ಕೊನೆಯ 18,100 ಜುಲೈಯ ಮೊದಲ ಹಣವಾಗಿ ತಾನೇ ಬಂದು ಕೂರುತ್ತದೆ.